ಸುಂದರಿಯಕ್ಕನ ಮೂರನೆಯ ಬಾಟಲಿ

ನಾನು ಬಿ.ಎಸ್ಸಿ. ಪಾಸಾದವನು. ಎರಡನೇ ದರ್ಜೆ. ರಸಾಯನಶಾಸ್ತ್ರದಲ್ಲಿ ಪಾಸಾದದ್ದು ಹೇಗೆ ಎಂಬುದು ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಉತ್ತರಪತ್ರಿಕೆ ತಿದ್ದಿದವರಿಗೆ ತಿಳಿದಿರಬಹುದು. ಆ ಸರ್ಟಿಫಿಕೇಟಿನ ಬಲದಿಂದ ಎಂಬತ್ತೊಂದರಲ್ಲಿ ಮಂಗಳೂರಿನ ಫಳ್ನೀರಿನ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ತಾತ್ಕಾಲಿಕ ಸಹಾಯಕನ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ವಾಮಂಜೂರಿನಿಂದ ಬಸ್ಸು ಹತ್ತಿ, ನಂತೂರಿನಲ್ಲಿ ಲಾರಿಗಳ ಹಿಂದೆ ಅರ್ಧ ಗಂಟೆ ನಿಂತು, ಬೆವರಿ ಲ್ಯಾಬಿಗೆ ತಲುಪಿದಾಗ ಬಾಟಲಿಗಳನ್ನೆಲ್ಲ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಅವುಗಳನ್ನು ತೊಳೆಯುತ್ತಿದ್ದವರು ಸುಂದರಿಯಕ್ಕ.

ಅವರು ದಿನಗೂಲಿಯ ಕೆಲಸದವರು. ಒಂಬತ್ತು ವರ್ಷದಿಂದ ದಿನಗೂಲಿ. ಬಾಟಲಿ ತೊಳೆಯುವುದಕ್ಕೆಂದು ಸೇರಿದವರು ನೋಡಿ ನೋಡಿ ಹನಿ ಅಳೆಯುವ ಬ್ಯೂರೆಟ್ ಹಿಡಿಯಲು ಕಲಿತಿದ್ದರು. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತಿಳಿಯಲು ಹಳದಿ ಬಣ್ಣ ಹಾಕಿ, ಬೆಳ್ಳಿಯ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಹಳದಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವ ಹನಿಯಲ್ಲೇ ಕೈ ನಿಲ್ಲಬೇಕು. ನನ್ನ ಕೈ ಎರಡು ಹನಿ ಆದಮೇಲೆ ನಿಲ್ಲುತ್ತಿತ್ತು. ಅವರದ್ದು ಸರಿಯಾದ ಹನಿಯಲ್ಲೇ. ಹೀಗಾಗಿ ಲೆಕ್ಕ ಬರೆಯುವವನು ನಾನು, ಲೆಕ್ಕ ಸರಿಯಾಗಿಸುವವರು ಅವರು.

ಎಂಬತ್ತೆರಡರ ಎಪ್ರಿಲಿನಲ್ಲಿ ಒಂದು ಖಾಯಂ ಅಟೆಂಡರ್ ಹುದ್ದೆಗೆ ಅನುಮತಿ ಬಂತು. ಬೆಂಗಳೂರಿನಿಂದ ಒಬ್ಬ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ, ಮೂರು ಬಾಟಲಿ ಕೊಟ್ಟು ಗುರುತಿಸಲು ಹೇಳುತ್ತಾರೆ, ಒಂದೆರಡು ಪ್ರಶ್ನೆ ಕೇಳುತ್ತಾರೆ ಎಂದು ನಮ್ಮ ಮುಖ್ಯಸ್ಥರಾದ ಚಾರ್ಲ್ಸ್ ಸರ್ ತಿಳಿಸಿದರು. ಸುಂದರಿಯಕ್ಕನಿಗೆ ಆಗ ಮೂವತ್ತೊಂಬತ್ತು. ನಲವತ್ತು ದಾಟಿದರೆ ಈ ಹುದ್ದೆ ಅವರಿಗಿಲ್ಲ. ಗಂಡ ಇಲ್ಲ, ಮನೆಯಲ್ಲಿ ಕಣ್ಣು ಕಾಣದ ತಾಯಿ. ಬೇಕಾದದ್ದು ಏನೆಂದು ಅವರು ಯಾರಿಗೂ ಹೇಳಲಿಲ್ಲ. ಬಾಟಲಿಗಳನ್ನು ಆ ತಿಂಗಳು ಎರಡೆರಡು ಸಲ ತೊಳೆದರು, ಅಷ್ಟೆ.

ಅವರಿಗೆ ಪಾಠ ಹೇಳಿಕೊಡುವ ಭಾರವನ್ನು ನಾನೇ ತಲೆಯ ಮೇಲೆ ಹಾಕಿಕೊಂಡೆ. ಸಾಹೇಬರು ಖಂಡಿತ ಕೇಳುವ ಪ್ರಶ್ನೆ ಇದು ಎಂದು ಹೇಳಿದೆ: ಹೊಳೆಗಳು ಸಿಹಿ, ಅವು ಸೇರುವ ಸಮುದ್ರ ಯಾಕೆ ಉಪ್ಪು? ಉತ್ತರವನ್ನೂ ಹೇಳಿದೆ. ಮಳೆ ನೀರು ಕಲ್ಲು ಮಣ್ಣಿನಿಂದ ಲವಣ ಕರಗಿಸಿ ಹೊಳೆಗೆ ತರುತ್ತದೆ, ಹೊಳೆ ಸಮುದ್ರಕ್ಕೆ ಒಯ್ಯುತ್ತದೆ, ಬಿಸಿಲಿಗೆ ನೀರು ಮಾತ್ರ ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಕೋಟ್ಯಂತರ ವರ್ಷ ಹೀಗೆಯೇ.

ಅವರು ತಲೆಯಾಡಿಸಿದರು. ಒಲೆಯ ಮೇಲೆ ಸಾರು ಬತ್ತಿದ ಹಾಗೆ, ಬತ್ತಿದಷ್ಟೂ ಉಪ್ಪು ಎಂದರು. ನಾನು ಸಂತೋಷಪಟ್ಟೆ. ಶಿಕ್ಷಕನಾಗಬೇಕಿತ್ತು ಎಂದೂ ಅನಿಸಿತು. ಆ ಅನಿಸಿಕೆ ಒಂದು ದಿನ ಮಾತ್ರ ಉಳಿಯಿತು.

ಮರುದಿನ ಅವರು ಹೊಳೆಯ ಮೇಲ್ಭಾಗದ ಪಾಣೆಮಂಗಳೂರಿನಿಂದ ಒಂದು ಲೀಟರ್ ನೇತ್ರಾವತಿಯ ನೀರು ತಂದಿದ್ದರು; ತಂಗಿಯ ಮನೆ ಅಲ್ಲೇ. ಪಿಂಗಾಣಿ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಇಡೀ ಲೀಟರನ್ನು ಬತ್ತಿಸಿದರು. ಪಕ್ಕದಲ್ಲಿ ಇನ್ನೊಂದು ಬಟ್ಟಲಿನಲ್ಲಿ ಒಂದು ಲೀಟರ್ ಸಮುದ್ರದ ನೀರು. ಸಂಜೆಗೆ ಸಮುದ್ರದ ಬಟ್ಟಲಿನಲ್ಲಿ ಎರಡು ದೊಡ್ಡ ಚಮಚದಷ್ಟು ಉಪ್ಪು. ಹೊಳೆಯದರಲ್ಲಿ ಬಟ್ಟಲಿನ ಅಂಚಿಗೆ ಬಿಳಿಯ ಒಂದು ಗೆರೆ, ಉಗುರಿನಿಂದ ಕೆರೆದರೆ ಹೋಗುವಷ್ಟು. ಲ್ಯಾಬಿನಲ್ಲಿ ಯಾವುದನ್ನೂ ನಾಲಗೆಗೆ ಮುಟ್ಟಿಸಬಾರದು ಎಂಬ ಬೋರ್ಡಿನ ಕೆಳಗೇ ನಿಂತು ಅವರು ಆ ಗೆರೆಯನ್ನು ಬೆರಳಿಗೆ ಒತ್ತಿ ನೆಕ್ಕಿದರು.

"ಸಾರ್, ಇದು ಉಪ್ಪಲ್ಲ. ಹೊಳೆ ಇದನ್ನು ತರುವುದಾದರೆ ಸಮುದ್ರದಲ್ಲಿ ಇದೇ ತುಂಬಬೇಕಿತ್ತಲ್ಲ?"

ನಾನೂ ನೆಕ್ಕಿದೆ. ಸುಣ್ಣದ ಗೋಡೆಯ ರುಚಿ. ಪುಸ್ತಕ ತೆಗೆದೆ. ಪುಸ್ತಕದಲ್ಲಿ ಲವಣ ಎಂದು ಮಾತ್ರ ಇತ್ತು, ಯಾವ ಲವಣ ಎಂದು ಇರಲಿಲ್ಲ. ಇದ್ದಿದ್ದರೂ ಪರೀಕ್ಷೆಯ ಕಾಲದಲ್ಲಿ ನಾನು ಆ ಪುಟವನ್ನು ಬಿಟ್ಟಿರುತ್ತಿದ್ದೆ. ಬಟ್ಟಲು ತೊಳೆಯಲೆಂದು ಅವರು ಎರಡು ಹನಿ ಆಸಿಡ್ ಬಿಟ್ಟಾಗ ಹೊಳೆಯ ಬಿಳಿ ಗೆರೆ ಸುಯ್ಯೆಂದು ನೊರೆಯಾಯಿತು. ಸಮುದ್ರದ ಉಪ್ಪಿಗೆ ಬಿಟ್ಟರು, ಏನೂ ಆಗಲಿಲ್ಲ. ಹೊಳೆಯ ಬಟ್ಟಲಿಗೆ ಇನ್ನೊಂದು ಹನಿ ಬಿಟ್ಟು ನೋಡಿದರು.

ಅವರ ತಾಯಿ ಅಳಿವೆಯ ಕೆಸರಿನಲ್ಲಿ ಮರುವಾಯಿ ಎಂಬ ಕಪ್ಪೆಚಿಪ್ಪು ಹೆಕ್ಕಿ ಸುಣ್ಣ ಸುಡುವ ಗೂಡಿಗೆ ಮಾರುತ್ತಿದ್ದರಂತೆ. ಚಿಪ್ಪಿಗೆ ಹುಳಿ ಬಿದ್ದರೂ ಹೀಗೆಯೇ ನೊರೆ ಬರುತ್ತದೆ ಎಂದರು. ಹೊಳೆ ತರುವುದು ಹೆಚ್ಚಾಗಿ ಸುಣ್ಣ. ಅದನ್ನು ಮರುವಾಯಿಗಳು ಚಿಪ್ಪು ಮಾಡಿಕೊಂಡು ಮುಗಿಸುತ್ತವೆ. ಉಪ್ಪನ್ನು ಚಿಪ್ಪು ಮಾಡಿಕೊಳ್ಳುವ ಪ್ರಾಣಿ ಇಲ್ಲ. ಹಾಗಾಗಿ ಹೊಳೆಯಲ್ಲಿ ಚೂರೇ ಚೂರು ಇರುವ ಉಪ್ಪು ಸಮುದ್ರದಲ್ಲಿ ಉಳಿದುಕೊಂಡೇ ಹೋಗುತ್ತದೆ. ಅವರು ಇದನ್ನು ನನ್ನಿಂದ ಒಪ್ಪಿಗೆ ಕೇಳುವಂತೆ ಹೇಳಿದರು. ಒಪ್ಪಲು ನನಗೆ ಧೈರ್ಯವಿರಲಿಲ್ಲ, ಅಲ್ಲಗಳೆಯಲು ಜ್ಞಾನವಿರಲಿಲ್ಲ. ಹಾಗೆ ಹೇಳಬೇಡಿ, ಪುಸ್ತಕದ ಉತ್ತರವನ್ನೇ ಹೇಳಿ, ಗೊತ್ತಿಲ್ಲ ಎಂದು ಮಾತ್ರ ಯಾವತ್ತೂ ಹೇಳಬೇಡಿ ಎಂದೆ.

ಪರೀಕ್ಷೆಯ ಹಿಂದಿನ ದಿನ ಬಾಟಲಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದನೆಯದರಲ್ಲಿ ಸಮುದ್ರದ್ದು, ಎರಡನೆಯದರಲ್ಲಿ ಲ್ಯಾಬಿನ ಬಾವಿಯದ್ದು, ಮೂರನೆಯದರಲ್ಲಿ ಹೊಳೆಯದ್ದು. ಹೊಳೆಯ ನೀರನ್ನು ಮೇಲಿನಿಂದ, ಪಾಣೆಮಂಗಳೂರಿನ ಕಡೆಯಿಂದ ತಾ ಎಂದು ಚಾರ್ಲ್ಸ್ ಸರ್ ಹೇಳಿದ್ದರು. ಬಿಸಿಲು ಜೋರಿತ್ತು. ಹೊಳೆ ಎಂದರೆ ಹೊಳೆ, ಅಳಿವೆಯ ಹತ್ತಿರ ಉಳ್ಳಾಲದ ಸೇತುವೆಯ ಕೆಳಗೆ ಹರಿಯುವುದೂ ನೇತ್ರಾವತಿಯೇ ಎಂದು ವಾದಿಸಿಕೊಂಡು ಅಲ್ಲೇ ಬಸ್ಸಿಳಿದೆ. ಹನ್ನೊಂದು ಗಂಟೆ. ಬಾಲ್ದಿಗೆ ಹಗ್ಗ ಕಟ್ಟಿ ನೀರೆತ್ತಿದೆ. ಒಂದು ತೆಂಗಿನ ಸೋಗೆ ಸಮುದ್ರದ ಕಡೆಯಿಂದ ಒಳಕ್ಕೆ ತೇಲಿ ಹೋಗುತ್ತಿತ್ತು. ಗಾಳಿ ಚೆನ್ನಾಗಿದೆ ಎಂದುಕೊಂಡೆ.

ಸಾಹೇಬರು ಎತ್ತರದ ಮನುಷ್ಯ, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡೇ ಹುಡುಕುವವರು. ಮೇಜಿನ ಮೇಲೆ ಮೂರು ಬಾಟಲಿ, ಬರೀ ಸಂಖ್ಯೆ. ಮುಚ್ಚಿದ ಲಕೋಟೆಯಲ್ಲಿ ನಾನೇ ಬರೆದ ಉತ್ತರ. ಸಮುದ್ರ, ಹೊಳೆ, ಬಾವಿ ಮೂರೂ ಉಂಟು, ಯಾವುದು ಯಾವುದು ಹೇಳು ಎಂದರು ಸಾಹೇಬರು. ನಾನು ಬಾಗಿಲ ಬಳಿ ನಿಂತಿದ್ದೆ.

ಸುಂದರಿಯಕ್ಕ ಮೂರು ಗಾಜಿನ ನಳಿಗೆಗಳಿಗೆ ನೀರು ಹಾಕಿ ಬೆಳ್ಳಿಯ ದ್ರಾವಣ ಬಿಟ್ಟರು. ಮೊದಲನೆಯದು ಮೊಸರಿನಂತೆ ಗಟ್ಟಿಯಾಗಿ ಬಿಳುಪಾಯಿತು. ಎರಡನೆಯದು ಉಸಿರು ಬಿಟ್ಟ ಕನ್ನಡಿಯಷ್ಟು ಮಾತ್ರ ಮಸುಕಾಯಿತು. ಮೂರನೆಯದೂ ಮೊಸರು.

ತೆಂಗಿನ ಸೋಗೆ ನೆನಪಾಯಿತು. ಗಾಳಿಯಲ್ಲ ಅದು, ಸಮುದ್ರ ಉಬ್ಬಿ ಹೊಳೆಯೊಳಗೆ ನುಗ್ಗುವ ಅಮಾವಾಸ್ಯೆಯ ಏರು ನೀರು. ನಾನು ಹೊಳೆಯಿಂದ ಎತ್ತಿ ತಂದದ್ದು ಸಮುದ್ರವನ್ನು.

ಅವರು ಗಡಿಬಿಡಿ ಮಾಡಲಿಲ್ಲ. ಒಂದನ್ನೂ ಮೂರನ್ನೂ ಶುದ್ಧ ನೀರು ಸೇರಿಸಿ ತೆಳ್ಳಗೆ ಮಾಡಿ, ಬ್ಯೂರೆಟ್ಟಿನಲ್ಲಿ ಅಳೆದರು. ಮೂರನೆಯದಕ್ಕೆ ಮೊದಲನೆಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹನಿ ಬೇಕಾಯಿತು. ನನ್ನ ಕಡೆ ಒಮ್ಮೆ ನೋಡಿದರು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಮೂರು ಹೆಸರು, ಮೂರು ಬಾಟಲಿ. ಒಂದನೆಯದು ಸಮುದ್ರ, ಎರಡನೆಯದು ಬಾವಿ, ಉಳಿದದ್ದು ಹೊಳೆ ಎಂದರೆ ಲಕೋಟೆಗೆ ಸರಿ ಹೊಂದುತ್ತದೆ, ಕೆಲಸ ಅವರದ್ದು, ಮಾನ ನನ್ನದು. ಅದು ಅವರಿಗೂ ತಿಳಿದಿತ್ತು.

"ಒಂದನೆಯದು ಸಮುದ್ರ ಸಾರ್. ಎರಡನೆಯದು ಕುಡಿಯುವ ನೀರು. ಹೊಳೆಯದ್ದೋ ಬಾವಿಯದ್ದೋ ಇಷ್ಟರಲ್ಲೇ ಹೇಳ್ಲಿಕ್ಕೆ ಆಗುವುದಿಲ್ಲ. ಮೂರನೆಯದು ಹೊಳೆ ಅಲ್ಲ."

ಸಾಹೇಬರು ಲಕೋಟೆ ಒಡೆದರು. ಹೊಳೆ ಎಂದು ಬರೆದಿದೆಯಲ್ಲ ಎಂದರು.

"ಬರೆದದ್ದು ಹಾಗೆ ಇರಬಹುದು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದ್ರ ಉಂಟು. ಹೊಳೆ ಅಂತ ಚೀಟಿ ಅಂಟಿಸಿದರೆ ಯಾರಾದರೂ ಕುಡಿಯುತ್ತಾರೆ ಸಾರ್."

ತುಂಬಿಸಿದವರು ಯಾರು ಎಂದು ಸಾಹೇಬರು ಕೇಳಿದಾಗ ಸುಂದರಿಯಕ್ಕ ನಳಿಗೆಗಳನ್ನು ತೊಳೆಯತೊಡಗಿದರು. ಬೇರೆ ದಾರಿ ಕಾಣದೆ ನಾನು ಕೈ ಎತ್ತಿದೆ, ಶಾಲೆಯಲ್ಲಿ ಎತ್ತುವ ಹಾಗೆ. ಎಲ್ಲಿ, ಎಷ್ಟು ಗಂಟೆಗೆ ಎಂದು ಹೇಳಿದೆ. ಚಾರ್ಲ್ಸ್ ಸರ್ ಕಣ್ಣು ಮುಚ್ಚಿಕೊಂಡರು. ನೀನು ಮಂಗಳೂರಿನವನೇ ಹೌದಾ ಮಾರಾಯ ಎಂದು ಮೆಲ್ಲಗೆ ಕೇಳಿದರು. ವಾಮಂಜೂರು ಎಂದೆ. ಸಮುದ್ರ ಕಾಣದ ಗದ್ದೆಯ ಊರು ಎಂಬುದನ್ನು ಅವರು ವಿನಾಯಿತಿಯಾಗಿ ಪರಿಗಣಿಸಲಿಲ್ಲ.

ಸಾಹೇಬರು ಕೊನೆಗೆ ಕೇಳಿದ್ದು ನನ್ನ ಪ್ರಶ್ನೆಯನ್ನೇ. ನನ್ನ ಭವಿಷ್ಯವಾಣಿ ಅದೊಂದೇ ಸರಿಯಾದದ್ದು. ಸುಂದರಿಯಕ್ಕ ಬತ್ತುವ ಸಾರಿನಿಂದ ಸುರು ಮಾಡಿದರು. ಹೊಳೆಗೆ ಹಳೆಯ ನೀರು ಎಂಬುದು ಇಲ್ಲ, ಪ್ರತಿ ವರ್ಷ ಹೊಸ ಮಳೆ, ನಿಲ್ಲದೆ ಹೋಗುತ್ತದೆ, ಹಾಗಾಗಿ ಅದರಲ್ಲಿ ಉಪ್ಪು ಸೇರಲಿಕ್ಕೆ ಸಮಯ ಇಲ್ಲ; ಸಮುದ್ರದ ನೀರಿಗೆ ಹೋಗಲಿಕ್ಕೆ ಬೇರೆ ಜಾಗ ಇಲ್ಲ ಎಂದರು. ಆಮೇಲೆ ನಾನು ಬೇಡವೆಂದದ್ದನ್ನೇ ಹೇಳಿದರು: ಬಟ್ಟಲಿನ ಗೆರೆ, ನೊರೆ, ಮರುವಾಯಿ. ಸಾಹೇಬರು ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿದರು. ಹೊಳೆಯಲ್ಲಿ ಅಷ್ಟು ಕಡಿಮೆ ಇದ್ದರೆ, ಸಮುದ್ರದಲ್ಲಿರುವ ಅಷ್ಟೂ ಕ್ಲೋರೈಡು ಮೊದಲು ಎಲ್ಲಿಂದ ಬಂತು ಎಂದು ಕೇಳಿದರು.

"ಅದು ಗೊತ್ತಿಲ್ಲ ಸಾರ್."

ಮುಗಿಯಿತು ಎಂದುಕೊಂಡೆ. ಆಗ ಚಾರ್ಲ್ಸ್ ಸರ್, ಕ್ಲೋರೈಡಿನ ದೊಡ್ಡ ಪಾಲು ಹೊಳೆಯದ್ದಲ್ಲ, ಭೂಮಿಯ ಒಳಗಿಂದ ಜ್ವಾಲಾಮುಖಿಗಳ ಉಸಿರಿನ ಜೊತೆ ಬಂದದ್ದು, ಸೋಡಿಯಂ ಮಾತ್ರ ಹೆಚ್ಚಾಗಿ ಕಲ್ಲಿನಿಂದ ಎಂದು ವಿವರಿಸಿದರು. ಸಾಹೇಬರು ಗುರುತು ಹಾಕಿಕೊಂಡರು. ಅವರಿಗೆ ಅದು ಮೊದಲೇ ಗೊತ್ತಿತ್ತೋ ಆಗ ಗೊತ್ತಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಇಷ್ಟು ದಿನ ನಾನು ಪಾಠ ಮಾಡಿದ್ದು ಏನು ಎಂಬುದೂ ಆ ಗಳಿಗೆಯಲ್ಲಿ ಗೊತ್ತಾಗಲಿಲ್ಲ.

ಜುಲೈಯಲ್ಲಿ ಎರಡು ಕಾಗದ ಒಟ್ಟಿಗೆ ಬಂದವು. ಒಂದು ಸುಂದರಿಯಕ್ಕನ ಖಾಯಂ ಆದೇಶ. ಇನ್ನೊಂದು ನನಗೆ, ಇನ್ನು ಮುಂದೆ ಪ್ರತಿ ಬಾಟಲಿಯ ಮೇಲೆ ಜಾಗ, ಗಂಟೆ, ನೀರು ಏರೋ ಇಳಿತವೋ ಎಂದು ಬರೆಯತಕ್ಕದ್ದು, ಬರೆದದ್ದನ್ನು ಅಟೆಂಡರಿಗೆ ತೋರಿಸತಕ್ಕದ್ದು. ಇಂಗ್ಲಿಷಿನಲ್ಲಿದ್ದ ಅವರ ಆದೇಶವನ್ನು ನಾನೇ ಓದಿ ಹೇಳಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಕಾಗದ ತೆಗೆದುಕೊಂಡು, ಅಮ್ಮನಿಗೆ ಇದನ್ನು ಮುಟ್ಟಿ ನೋಡಲಿಕ್ಕೆ ಕೊಡ್ತೇನೆ ಎಂದರು.

ಆಮೇಲೆ ಅಟೆಂಡರಾದ ಸುಂದರಿಯಕ್ಕನ ಮೊದಲ ಅಪ್ಪಣೆಯಂತೆ ಉಳ್ಳಾಲದ ಸೇತುವೆಗೆ ಹೋದೆ. ಕೊಡೆ ಹಿಡಿದು, ಏರು ನೀರಿನ ಹೊತ್ತನ್ನೇ ಕಾದು, ಬಾಲ್ದಿ ಇಳಿಸಿದೆ. ಈ ಸಲ ಉಪ್ಪು ಬರಲೇಬೇಕು. ಲ್ಯಾಬಿನಲ್ಲಿ ಬೆಳ್ಳಿಯ ದ್ರಾವಣ ಬಿಟ್ಟರೆ ಮಸುಕು ಮಾತ್ರ. ಅದೇ ಸೇತುವೆ, ಅದೇ ಏರು. ನಾನು ನಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

"ಎಂತ ನೋಡ್ತೀರಿ ಸಾರ್," ಎಂದರು ಸುಂದರಿಯಕ್ಕ, "ಈ ಮಳೆಗೆ ಸಮುದ್ರಕ್ಕೇ ಒಳಗೆ ಬರ್ಲಿಕ್ಕೆ ಜಾಗ ಇಲ್ಲ. ಚೀಟಿಯಲ್ಲಿ ತಿಂಗಳು ಸಹ ಬರೆಯಿರಿ."

ಬರೆದೆ. ಅವರು ಓದಿ ನೋಡಿ, ಲ್ಯಾಬಿಗೆ ಬಂದ ಗಂಟೆಯನ್ನು ನೀರೆತ್ತಿದ ಗಂಟೆಗೆ ತಿದ್ದಿಸಿದರು.