ಪ್ರಬಂಧದ ಹತ್ತು ಅಂಕ

ಎಪ್ಪತ್ತರ ದಶಕದ ಒಂದು ಬೇಸಿಗೆ. ಹೊಸದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಲು ಮೊದಲ ಸಲ ಚಿತ್ರದುರ್ಗಕ್ಕೆ ಹೋದೆ. ನಮ್ಮ ಮೇಜಿನಲ್ಲಿ ನನ್ನಂತೆಯೇ ಹೊಸಬರು ಇನ್ನೊಬ್ಬರಿದ್ದರು, ಹಿರಿಯೂರಿನ ಮುಸ್ಲಿಂ ಮೇಷ್ಟ್ರು. ನಮ್ಮ ಮೇಲೆ ಹೊಳಲ್ಕೆರೆಯ ಹಿರಿಯರೊಬ್ಬರು ಮುಖ್ಯ ಪರೀಕ್ಷಕರು.

ಮೊದಲ ಬೆಳಿಗ್ಗೆ ನಾವೆಲ್ಲ ಒಂದೇ ಪ್ರಬಂಧಕ್ಕೆ ಬೇರೆಬೇರೆಯಾಗಿ ಅಂಕ ಹಾಕಿದೆವು. ಹತ್ತಕ್ಕೆ ನಾನು ನಾಲ್ಕು, ಹಿರಿಯೂರಿನವರು ಏಳು. ಏನೇನಿದ್ದರೆ ಎಷ್ಟೆಂದು ವಾದಿಸಿ ಎಲ್ಲರೂ ಆರಕ್ಕೆ ಬಂದೆವು. ಹೀಗೆ ಒಪ್ಪಿದ ಮೂರು ಪತ್ರಿಕೆಗಳನ್ನು, ಒಳ್ಳೆಯದು, ಸಾಧಾರಣ, ಕಳಪೆ ಎಂದು, ಹಿರಿಯರು ಮೇಜಿನ ನಡುವೆ ಇಟ್ಟರು. ಅನುಮಾನ ಬಂದರೆ ಅವನ್ನು ಓದಬೇಕು, ಪತ್ರಿಕೆಗಳ ಒಂದು ಕಟ್ಟಿನಲ್ಲಿ ಎಲ್ಲರ ಪ್ರಬಂಧ ಮುಗಿಸಿಯೇ ಮುಂದಿನ ಪ್ರಶ್ನೆಗೆ ಹೋಗಬೇಕು ಎಂದರು.

ಎರಡನೆಯ ದಿನ ಮಧ್ಯಾಹ್ನ ಒಂದು ಅಪರೂಪದ ಪ್ರಬಂಧ ಸಿಕ್ಕಿತು. ಹುಡುಗನೊಬ್ಬ ಊರಿನ ಕೆರೆ ತುಂಬಿದ್ದನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದ. ಒಂಬತ್ತು ಹಾಕಿ ಮುಂದೆ ಹೋದೆ. ಆಮೇಲಿನವು ಸಪ್ಪೆಯೆನಿಸಿದವು. ಸಾಲಾಗಿ ನಾಲ್ಕು, ಮೂರು ಬೀಳುತ್ತಿದ್ದುದು ಕಂಡು ಕೈ ತಡೆಯಿತು. ಬೆಳಿಗ್ಗೆ ನಾನು ತಿದ್ದಿದ್ದ ಒಂದು ಪತ್ರಿಕೆಯ ಅಂಕವನ್ನು ಚೀಟಿಯಿಂದ ಮುಚ್ಚಿ ಕೊಡಲು ಹಿರಿಯೂರಿನವರನ್ನು ಕೇಳಿದೆ. ಓದಿ ನಾಲ್ಕು ಎಂದೆ. ಚೀಟಿ ತೆಗೆದರು. ಬೆಳಿಗ್ಗೆ ನಾನೇ ಆರು ಹಾಕಿದ್ದೆ.

ಅವರೂ ತಮ್ಮದನ್ನು ಹಾಗೆಯೇ ನೋಡಿಕೊಂಡರು. ದಣಿವಿನಲ್ಲಿ ಅವರು ಧಾರಾಳವಾಗಿ ಅಂಕ ಹಾಕಿದ್ದರು. ಇಬ್ಬರೂ ಹಿರಿಯರ ಮುಂದೆ ನಿಂತೆವು. ಊಟದ ನಂತರದ್ದಕ್ಕೆಲ್ಲ ಎರಡೆರಡು ಸೇರಿಸಿಬಿಡಲೇ ಎಂದು ಕೇಳಿದೆ.

"ಹಂಗ್ ಮಾಡಬ್ಯಾಡ್ರಿ ಮೇಡಂ," ಅಂದರು. "ಎಲ್ಲದ್ರಾಗೂ ಒಂದೇ ಸಮ ತಪ್ಪಿರಲ್ಲ. ಹಿಂದಕ್ಕೆ ತಿದ್ದುತ್ತಾ ಹೋಗ್ರಿ. ಎಲ್ಲಿ ನಿಮ್ಮ ಅಂಕ ಮತ್ತೆ ಮತ್ತೆ ಹೊಂದುತ್ತೋ ಅಲ್ಲಿಂದ ಈಚೆಗಿನವು ಎಲ್ಲಾ ಮತ್ತೆ ನೋಡ್ರಿ. ಹಿಂದಿನ ಹುಡುಗನ ಜತೆ ತೂಗಬ್ಯಾಡ್ರಿ, ಈ ಮೂರರ ಜತೆ ತೂಗ್ರಿ."

ಬೇರೆ ಮೇಜಿನವರು ಚಹಾಕ್ಕೆ ಎದ್ದರು. ನಾವು ಹತ್ತು ನಿಮಿಷ ಜಗಲಿಯಲ್ಲಿ ಅಡ್ಡಾಡಿ ಬಂದು ಕುಳಿತೆವು. ಸಾಧಾರಣದ ಪತ್ರಿಕೆಯನ್ನು ಮತ್ತೊಮ್ಮೆ ಓದಿದೆ. ಆಮೇಲೆ ಒಂದೊಂದನ್ನೇ ತೆಗೆದು ಹಿಂದಕ್ಕೆ ಹೋದೆ. ಕೆರೆಯ ಪ್ರಬಂಧಕ್ಕಿಂತ ಮುಂಚಿನವು ಹೊಂದಿದವು. ನಂತರದ್ದರಲ್ಲಿ ಕೆಲವು ಎರಡು ಅಂಕ ಏರಿದವು, ಕೆಲವು ಒಂದು, ಕೆಲವು ನಿಂತಲ್ಲೇ ನಿಂತವು. ಬದಲಾದಲ್ಲೆಲ್ಲ ಹಳೆಯ ಅಂಕ ಹೊಡೆದು ಸಹಿ ಹಾಕಿದೆ. ಪಕ್ಕದಲ್ಲಿ ಹಿರಿಯೂರಿನವರು ಏಳನ್ನು ಐದು ಮಾಡುವಾಗ ಪೆನ್ನು ಎತ್ತಿಟ್ಟು ಮತ್ತೆ ಓದಿದರು. "ಪಾಪ ಅನ್ಸುತ್ತೆ," ಅಂದರು, ಆದರೂ ಐದೇ ಬರೆದರು.

ಅಂದು ನಮ್ಮ ಕಟ್ಟುಗಳೇ ಕೊನೆಯವು. ಹಿರಿಯರು ಅಲ್ಲಲ್ಲಿ ಎಳೆದು ತಾವೇ ತಿದ್ದಿ ನೋಡಿದರು. ಒಂದು ಕಡೆ ಮಾತ್ರ ಅರ್ಧ ಅಂಕದ ವ್ಯತ್ಯಾಸ ಬಂತು. ಕಟ್ಟುಗಳಿಗೆ ಸಹಿ ಮಾಡಿದರು. ಮರುದಿನದಿಂದ ನಾವಿಬ್ಬರೂ ಪ್ರತಿ ಕಟ್ಟು ಬಿಚ್ಚುವ ಮುಂಚೆ ಹಿಂದೆ ತಿದ್ದಿದ ಒಂದು ಪತ್ರಿಕೆಯ ಅಂಕವನ್ನು ಚೀಟಿಯಿಂದ ಮುಚ್ಚಿ ಪರಸ್ಪರ ಕೊಟ್ಟು ನೋಡಿಕೊಂಡೇ ಕೆಲಸ ಶುರುಮಾಡಿದೆವು.