ಹಿತ್ತಲ ರಾಶಿಯ ಪೈಪುಗಳು

ಶಾಲೆಗಳಿಗೆ ಡೆಸ್ಕು ಮಾಡುವ ಆ ಕಾರ್ಖಾನೆಯಲ್ಲಿ ಅವಳಿಗೆ ಪಟ್ಟಿಯಕ್ಕ ಎಂದೇ ಹೆಸರು. ಆರ್ಡರ್ ಬಂದೊಡನೆ ಒಂದು ಡೆಸ್ಕನ್ನು ಬಿಡಿಬಿಡಿಯಾಗಿ ಬಿಚ್ಚಿ, ಯಾವ ಸಾಮಾನು ಎಷ್ಟು ಬೇಕೆಂದು ಪಟ್ಟಿ ಮಾಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಮನೆಯಲ್ಲೂ ಅದೇ ಚಾಳಿ. "ನಾಲ್ಕು ಜನ ನೆಂಟರು ಬರ್ತಾರೆ ಅಂದ್ರೆ ಸಾಕು, ಟೀಪುಡಿ ಎಷ್ಟು ಚಮಚ ಅಂತ ಬರೆದಿಟ್ಟಿರ್ತಾಳೆ" ಎಂದು ಗಂಡ ಹಾಸ್ಯ ಮಾಡುತ್ತಿದ್ದ. ಅವಳ ಪಟ್ಟಿ ಒಮ್ಮೆಯೂ ತಪ್ಪಿಲ್ಲವೆಂಬುದು ಕಾರ್ಖಾನೆಯ ಹೆಮ್ಮೆ. ಅವಳ ಹೆಮ್ಮೆ ಅದಕ್ಕಿಂತ ಒಂದು ತೂಕ ಹೆಚ್ಚು.

ಆ ಸೋಮವಾರ ಇನ್ನೂರು ಡೆಸ್ಕಿನ ಆರ್ಡರ್ ಬಂತು. ಅಷ್ಟು ದೊಡ್ಡದು ಹಿಂದೆಂದೂ ಬಂದಿರಲಿಲ್ಲ. ಹತ್ತು ದಿನದಲ್ಲಿ ಶಾಲೆ ತೆರೆಯುತ್ತದೆ. ಪೈಪಿನ ಲಾರಿ ಗೋದಾಮಿನಿಂದ ಮಧ್ಯಾಹ್ನ ಒಂದಕ್ಕೆ ಹೊರಡುತ್ತದೆ; ಅಷ್ಟರೊಳಗೆ ಎಷ್ಟು ಬೇಕೆಂದು ಹೇಳದಿದ್ದರೆ ಮುಂದಿನ ಲಾರಿ ಹನ್ನೆರಡು ದಿನಕ್ಕೆ.

ಡೆಸ್ಕಿಗೆ ಎರಡು ಪಕ್ಕದ ಚೌಕಟ್ಟು, ಮೂರು ಅಡ್ಡಪೈಪು, ಎರಡು ಹಲಗೆ. ಹಾಗಾದರೆ ನಾನೂರು ಚೌಕಟ್ಟು. ಬೆಸುಗೆ ಮುಗಿದು ಪೂರ್ತಿ ತಯಾರಾದವು ಐವತ್ತು ದಾಸ್ತಾನಿನಲ್ಲಿವೆ. ಅವನ್ನು ಕಳೆದ ಮೇಲೇ ಬಿಡಿಸಾಮಾನಿನ ಲೆಕ್ಕಕ್ಕೆ ಇಳಿಯಬೇಕು. ಮಾಡಬೇಕಾದವು ಮುನ್ನೂರೈವತ್ತು. ಕಾಲಿನ ತುದಿಗೆ ಹಾಕುವ ರಬ್ಬರ್ ಟೋಪಿ, ಚೌಕಟ್ಟಿಗೆ ಎರಡರಂತೆ, ಏಳುನೂರು. ಪೈಪನ್ನು ಕಂಪ್ಯೂಟರು ಮೀಟರಿನಲ್ಲಿ ಕೂಡಿಸಿ, ಆರು ಮೀಟರಿನ ಉದ್ದದಿಂದ ಭಾಗಿಸಿ, ಇನ್ನೂರ ಮೂವತ್ತೊಂಬತ್ತು ಎಂದಿತು. ಕಂಪ್ಯೂಟರಿಗೆ ಆ ಸೂತ್ರ ಹೇಳಿಕೊಟ್ಟವಳು ಎಂಟು ವರ್ಷದ ಹಿಂದೆ ಅವಳೇ.

ಹನ್ನೊಂದೂವರೆಗೆ ಗರಗಸದಣ್ಣ ಬಾಗಿಲಲ್ಲಿ ನಿಂತ. ಪೈಪು ಕತ್ತರಿಸುವವನು, ಅವಳಿಗಿಂತ ಎರಡು ವರ್ಷ ಮೊದಲೇ ಕೆಲಸಕ್ಕೆ ಸೇರಿದವನು. ಎಂದೂ ಆಫೀಸಿನ ಮೆಟ್ಟಿಲು ಹತ್ತದವನು ಟೋಪಿ ತೆಗೆದು ಕೈಯಲ್ಲಿ ತಿರುವುತ್ತಿದ್ದ.

"ತಂಗಿ, ಪೈಪು ಎಷ್ಟು ಹೇಳ್ತಿದೀಯ?"

"ಇನ್ನೂರ ಮೂವತ್ತೊಂಬತ್ತು. ಯಾಕಣ್ಣ?"

"ಸಾಲಲ್ಲ."

ಅವಳು ಕನ್ನಡಕ ತೆಗೆದಳು. "ನನ್ನ ಪಟ್ಟಿ ಸಾಲಲ್ಲ ಅಂತೀಯಾ?"

"ಬೈಬೇಡ. ಚೌಕಟ್ಟಿಗೆ ಎರಡೂಕಾಲು ಮೀಟರಿಗೆ ಸ್ವಲ್ಪ ಕಮ್ಮಿ, ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರಿನ ತುಂಡು. ಒಂದು ಪೈಪಲ್ಲಿ ಎರಡೇ ಬರ್ತವೆ. ಉಳಿದ ಚೂರುಗಳನ್ನ ಒಂದಕ್ಕೊಂದು ಅಂಟಿಸಿ ಇನ್ನೊಂದು ಚೌಕಟ್ಟು ಬಗ್ಗಿಸ್ಲಾ ನಾನು?"

"ಎಂಟು ವರ್ಷದಿಂದ ಇದೇ ಲೆಕ್ಕದಲ್ಲಿ ಕಳಿಸ್ತಿದೀನಲ್ಲ, ಆಗ ಹೇಗೆ ಸಾಕಾಯ್ತು?"

ಅವನು ನೆಲ ನೋಡಿದ. "ಹಿತ್ತಲಲ್ಲಿ ಹಳೇ ಪೈಪಿನ ರಾಶಿ ಇತ್ತಲ್ಲ, ರದ್ದಾದ ಆರ್ಡರಿಂದು, ಪುಸ್ತಕದಲ್ಲಿ ಇಲ್ದಿದ್ದು. ಇಪ್ಪತ್ತು ಡೆಸ್ಕಿಗೆ ಎರಡೋ ಮೂರೋ ಕಮ್ಮಿ ಬೀಳ್ತಿತ್ತು, ಅಲ್ಲಿಂದ ಎಳ್ಕೊಳ್ತಿದ್ದೆ. ಹೋದ ವಾರ ಯಜಮಾನರು ಅದನ್ನ ಗುಜರಿಗೆ ಹಾಕಿದ್ರು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಎಲ್ಲರ ಮುಂದೆ 'ನನ್ನ ಪಟ್ಟಿ' ಅಂತ ಹೇಳ್ಕೊಂಡು ಓಡಾಡ್ತಿದ್ದೆ. ಬಾಯಿ ಬರಲಿಲ್ಲ ಕಣೇ."

ಪಟ್ಟಿಯಕ್ಕನ ಕಿವಿ ಕೆಂಪಗಾಯಿತು. ಇಷ್ಟು ವರ್ಷ ತಾನು ಎದೆಯುಬ್ಬಿಸಿ ನಡೆದದ್ದು ಇವನು ಸದ್ದಿಲ್ಲದೆ ಎಳೆದು ತಂದ ಪೈಪುಗಳ ಮೇಲೆ! ಆದರೆ ಗಡಿಯಾರ ಯಾರಿಗೂ ಕಾಯುವುದಿಲ್ಲ. ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿ, ಲೆಕ್ಕ ಬರೆಯಲು ರಟ್ಟಿನ ತುಂಡೊಂದನ್ನು ತೆಗೆದಳು.

"ಮುನ್ನೂರೈವತ್ತು ತುಂಡು, ಪೈಪಿಗೆ ಎರಡು. ನೂರ ಎಪ್ಪತ್ತೈದು ಪೈಪು. ಒಂದೊಂದರಲ್ಲಿ ಉಳಿಯೋದು?"

"ಒಂದು ಮೀಟರ್ ಅರವತ್ತು. ಅದರಲ್ಲಿ ಒಂದು ಅಡ್ಡಪೈಪು ಆಗತ್ತೆ, ಅದಕ್ಕೆ ಒಂದು ಮೀಟರ್ ಹತ್ತು ಸಾಕು."

"ಅಡ್ಡಪೈಪು ಒಟ್ಟು ಆರುನೂರು. ನೂರ ಎಪ್ಪತ್ತೈದು ಹೋಯ್ತು. ಇನ್ನು ನಾನೂರ ಇಪ್ಪತ್ತೈದು. ಇಡೀ ಪೈಪಲ್ಲಿ ಐದು. ಎಂಬತ್ತೈದು ಪೈಪು."

ಕೂಡಿದಾಗ ಇನ್ನೂರ ಅರವತ್ತಾಯಿತು. ಕಂಪ್ಯೂಟರಿನ ಲೆಕ್ಕದಲ್ಲಿ ಇಪ್ಪತ್ತೊಂದು ಕಡಿಮೆ ಬೀಳುತ್ತಿತ್ತು.

"ಬಗ್ಗಿಸುವಾಗ ಕೆಡೋದಕ್ಕೆ?" ಎಂದ ಅವನು.

"ನಾಲ್ಕು ಸೇರಿಸ್ತೀನಿ. ಇನ್ನು ಹಿತ್ತಲಿಗೆ ಹೋಗೋ ಹಾಗಿಲ್ಲವಲ್ಲ ನೀನು."

ಅವಳು ಪಟ್ಟಿ ಹಿಡಿದು ಯಜಮಾನರ ಕೋಣೆಗೆ ಹೋದಳು. "ತಪ್ಪು ನನ್ನದು ಸಾರ್, ಎಂಟು ವರ್ಷದ್ದು. ಸರಿಮಾಡಿದೀನಿ" ಎಂದಳು. ಯಜಮಾನರು ಅವಳ ಮುಖವನ್ನೂ ಪಟ್ಟಿಯನ್ನೂ ನೋಡಿ, ಪೈಪಿನವರಿಗೆ ಹೇಳಲು ಫೋನ್ ಎತ್ತಿದರು. ಲಾರಿ ಇನ್ನೂರ ಅರವತ್ತನಾಲ್ಕು ಪೈಪು ಹೊತ್ತು ಬಂತು. ಅಷ್ಟರಲ್ಲಿ ಅವಳು ಕಂಪ್ಯೂಟರಿನಲ್ಲಿ ಪೈಪನ್ನು ಮೀಟರಿನ ಬದಲು ತುಂಡಿನ ಲೆಕ್ಕಕ್ಕೆ ತಿದ್ದಿಟ್ಟಿದ್ದಳು.

ಶಾಲೆ ತೆರೆಯುವ ಹಿಂದಿನ ದಿನ ಕೊನೆಯ ಡೆಸ್ಕು ಹೊರಬಿತ್ತು. ಗರಗಸದಣ್ಣ ಹೆಗಲ ಮೇಲೊಂದು ಪೈಪು ಇಟ್ಟುಕೊಂಡು ಕಿಟಕಿಯ ಬಳಿ ಬಂದ.

"ಮೂರು ಕೆಟ್ಟವು. ಒಂದು ಉಳೀತು."

"ತಾ, ದಾಸ್ತಾನಿಗೆ ಬರೀತೀನಿ."

"ಇದೊಂದನ್ನ ಬಿಡೇ ತಂಗಿ, ಹಿತ್ತಲಲ್ಲಿಟ್ಕೊಳ್ತೀನಿ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ..."

ಅವಳು ನಕ್ಕು ಪುಸ್ತಕ ತೆರೆದಳು. ಆರು ಮೀಟರಿನ ಪೈಪು, ಒಂದು ಎಂದು ಬರೆದು, ಇರುವ ಜಾಗ ಎಂಬಲ್ಲಿ ಹಿತ್ತಲು ಎಂದು ನಮೂದಿಸಿದಳು.