ಬೀಗರ ಪಾಲಿನ ಎರಡು ಸಾಲು

ಚಳ್ಳಕೆರೆಯ ಟೈಪಿಂಗ್ ಅಂಗಡಿಯಲ್ಲಿ ನಾನು ಹಳಬಳು, ಪಕ್ಕದ ಮೇಜಿನವಳು ಮೊನ್ನೆ ಮೊನ್ನೆ ಬಂದವಳು. ಆದರೂ ಗಿರಾಕಿಗಳು ನೇರ ಅವಳ ಮೇಜಿಗೇ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು ಬಂತು.

ಒಂದು ದಿನ ಮೊಳಕಾಲ್ಮುರಿನಿಂದ ರೇಷ್ಮೆ ಸೀರೆ ನೇಯುವ ಮನೆಯ ಅಜ್ಜಿಯೊಬ್ಬರು ಬಂದರು. ಮದುವೆ ಹಾಡೊಂದನ್ನು ಹಾಳೆಗೆ ಹಾಳೆ ಅಂಟಿಸಿ ಬರೆಸಿದ್ದರು. ಬಿಚ್ಚಿದರೆ ಮೇಜು ದಾಟಿ ನೆಲಕ್ಕಿಳಿಯಿತು. ಇಂಥವು ಮನೆಯಲ್ಲಿ ಇನ್ನೂ ಇವೆ, ಎಲ್ಲ ಸೇರಿಸಿ ಪುಸ್ತಕ ಮಾಡಿಸುತ್ತೇನೆ, ಟೈಪ್ ಮಾಡಿದವರ ಹೆಸರನ್ನೂ ಹಾಕಿಸುತ್ತೇನೆ, ಆದರೆ ನಮ್ಮ ಮನೆಗೇ ಬಂದು ಮಾಡಬೇಕು ಎಂದರು. ಆ ಪುಸ್ತಕದಲ್ಲಿ ನನ್ನ ಹೆಸರೇ ಇರಬೇಕು ಎಂದು ಆಗಲೇ ನಿಶ್ಚಯಿಸಿಬಿಟ್ಟೆ.

"ಇಬ್ರೂ ಇದನ್ನ ಟೈಪ್ ಮಾಡ್ರಿ, ಅಜ್ಜಿನೇ ಆರಿಸ್ಲಿ," ಎಂದರು ಯಜಮಾನರು.

ಸ್ಕ್ಯಾನರಿನಲ್ಲಿ ಅಷ್ಟುದ್ದ ಹಿಡಿಯುವುದಿಲ್ಲ. ಮೇಲಿಂದ ಕೆಳಕ್ಕೆ ಅಡ್ಡಡ್ಡ ತುಂಡುಗಳಾಗಿ ತೆಗೆದೆವು. ನಡುವೆ ಸಾಲು ಬಿಟ್ಟುಹೋಗದಿರಲೆಂದು ಒಂದು ತುಂಡಿನ ಕೊನೆಯ ಕೆಲವು ಸಾಲು ಮುಂದಿನದರ ತಲೆಯಲ್ಲೂ ಬರುವಂತೆ ನೋಡಿಕೊಂಡೆವು. ಟೈಪ್ ಮಾಡುವಾಗ ಹಾಗೆ ಎರಡನೇ ಸಲ ಬಂದವನ್ನು ಬಿಟ್ಟು ಅವುಗಳ ಕೆಳಗಿನ ಸಾಲಿನಿಂದ ಹೊರಡಬೇಕು.

ಒಂದು ತುಂಡು ಅರಿಶಿನ ಹಚ್ಚುವ ಎರಡು ಸಾಲಿಗೆ ಮುಗಿದಿತ್ತು. ಮುಂದಿನದರಲ್ಲಿ ಅವೇ ಎರಡು ಸಾಲು ಒಂದರ ಕೆಳಗೊಂದು ಎರಡು ಸಲ ಇದ್ದವು. ನಾನು ಅಂಚಿನ ಎಣ್ಣೆ ಕಲೆ ನೋಡಿದೆ. ಹಿಂದಿನ ತುಂಡಿನಲ್ಲಿ ಆ ಸಾಲುಗಳ ಪಕ್ಕದಲ್ಲಿದ್ದ ಕಲೆ ಇಲ್ಲಿ ಮೊದಲ ಜೋಡಿಯ ಪಕ್ಕ ಮಾತ್ರ ಇತ್ತು. ಅಂದರೆ ಎರಡನೆಯದು ಬರೆದವರೇ ಮತ್ತೆ ಬರೆದದ್ದು. ಅದನ್ನು ಟೈಪ್ ಮಾಡಿದೆ. ಅವಳು ಎರಡು ಜೋಡಿಯನ್ನೂ ಹಿಂದಿನವೇ ಎಂದುಕೊಂಡು ದಾಟಿ ಹೋಗಿದ್ದಳು. ಓರೆಗಣ್ಣಿನಲ್ಲಿ ನೋಡಿ ಖುಷಿಯಿಂದ ಸುಮ್ಮನಿದ್ದೆ.

ಯಜಮಾನರು ಅವಳದನ್ನು ಗಟ್ಟಿಯಾಗಿ ಓದುತ್ತಿದ್ದಂತೆ ಅಜ್ಜಿ ತಡೆದರು.

"ಹೆಣ್ಣಿನ ಕಡೆಯೋರು ಹಾಡಿದ್ರು. ಬೀಗರ ಪಾಲು ಎಲ್ಲಿ ಹೋತವ್ವಾ? ಅವ್ರೂ ತಿರುಗಿ ಅದ್ನೇ ಹಾಡ್ಬೇಕಲ್ಲ!"

ನನ್ನದರಲ್ಲಿ ಇದೆ ಎಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಅವಳು, "ತಪ್ಪಾತಜ್ಜಿ. ಬೀಗರು ಹೆಂಗೆ ಹಾಡ್ತಾರೆ, ಒಂದ್ಸಲ ಹೇಳ್ರಿ," ಎಂದಳು. ಅಜ್ಜಿ ಹಾಡಿದರು. ಅವಳು ಅದೇ ಧಾಟಿಯಲ್ಲಿ ತಿರುಗಿ ಹಾಡಿದಳು. ಅಜ್ಜಿಯ ಮುಖ ಅರಳಿತು, ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಆಮೇಲೆ ನನ್ನದನ್ನೂ ಓದಿಸಿ ಕೇಳಿ ನನ್ನ ಕಡೆ ತಿರುಗಿದರು.

"ಈಕಿ ನಮ್ಮನೆಗೆ ಬರ್ಲಿ. ನಿನ್ ಕಣ್ಣು ಚುರುಕೈತೆ, ಕೊನೀಗೆ ನೀನು ತಿದ್ದವ್ವಾ."

ಈಗ ಅವಳು ಮೊಳಕಾಲ್ಮುರಿನಿಂದ ಸ್ಕ್ಯಾನ್ ತುಂಡುಗಳನ್ನೂ ಟೈಪ್ ಮಾಡಿದ್ದನ್ನೂ ಕಳಿಸುತ್ತಾಳೆ, ನಾನು ಚಳ್ಳಕೆರೆಯಲ್ಲಿ ಕೂತು ಒಂದೊಂದು ತುಂಡು ಸೇರುವ ಜಾಗದಲ್ಲೂ ತಪ್ಪು ಹುಡುಕುತ್ತೇನೆ. ಒಂದೂ ಸಿಕ್ಕಿಲ್ಲ, ಹಾಳಾದವಳು ಕಲಿತುಬಿಟ್ಟಿದ್ದಾಳೆ. ನಿನ್ನೆ ಏನೋ ಕೇಳಲು ಫೋನ್ ಮಾಡಿದೆ. ಎತ್ತಿದವರು ಯಾರೋ, ಒಳಗೆ ಹಾಡು ನಡೆದಿತ್ತು. ಅಜ್ಜಿ ಅರಿಶಿನದ ಸಾಲು ಮುಗಿಸಿದರು, ಅವಳು ಬೀಗರ ಪಾಲು ಎತ್ತಿಕೊಂಡಳು. ಆ ಎರಡು ಸಾಲು ಉಳಿಸಿದವಳು ನಾನು. ಫೋನ್ ಇಡಲು ಮನಸ್ಸಾಗದೆ ಕೊನೆಯವರೆಗೂ ಕೇಳಿದೆ.